ಗಾರೆ ಗೋಡೆಯಲ್ಲ

ಹಬ್ಬದ ಮುಂಚೆ ಅಕ್ಕನ ಮನೆಯಲ್ಲಿ ಪರದೆಗಳನ್ನು ಒಗೆದು, ಒಣಗಿಸಿ, ಮತ್ತೆ ರಾಡಿಗೆ ಏರಿಸಿದ್ದರು. ಹಾಲ್‌ನ ದೊಡ್ಡ ಕಿಟಕಿಯದು ಐದು ಅಡಿ ಅಗಲದ ರಾಡ್. ಸಂಜೆ ಮಗು ಪರದೆ ಹಿಡಿದು ಎಳೆಯಿತು. ಬಲಗಡೆಯ ಬ್ರಾಕೆಟ್ ಗೋಡೆಯಿಂದ ಕಿತ್ತು ಬಂತು, ರಾಡ್ ಸೋಫಾದ ಮೇಲೆ ಬಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ಮರುದಿನ ನಾನು ಹೋದಾಗ ಗೋಡೆಯಲ್ಲಿ ಹೆಬ್ಬೆರಳು ಹೋಗುವಷ್ಟು ಅಗಲದ ಗುಂಡಿಯಿತ್ತು. ಬ್ರಾಕೆಟ್‌ಗೆ ಸ್ಕ್ರೂ ಅಂಟಿಕೊಂಡೇ ಇತ್ತು, ಸ್ಕ್ರೂಗೆ ಪ್ಲಾಸ್ಟಿಕ್ ಪ್ಲಗ್ಗೂ ಕಚ್ಚಿಕೊಂಡೇ ಇತ್ತು.

"ಮೂರನೇ ಸಲ ಕಣೋ ಇದು. ಪ್ರತಿ ಸಲ ಬಂದವರು ವೈಟ್ ಸಿಮೆಂಟ್ ತುಂಬಿ, ಅದೇ ಜಾಗಕ್ಕೆ ಸ್ಕ್ರೂ ಹಾಕಿ ಹೋಗ್ತಾರೆ. ಆರು ತಿಂಗಳಿಗೆ ಮತ್ತೆ ಇದೇ ಕಥೆ" ಎಂದಳು ಅಕ್ಕ.

ಮೂರು ಸಲವೂ ತುಂಬಿದ್ದು ತೂತನ್ನು. ಆದರೆ ತಪ್ಪು ಇದ್ದದ್ದು ತೂತಿನ ಆಳದಲ್ಲಿ. ಅದನ್ನು ತೋರಿಸಿಕೊಟ್ಟದ್ದು ಸ್ಕ್ರೂಗೆ ಅಂಟಿಕೊಂಡು ಬಂದ ಆ ಸಣ್ಣ ಪ್ಲಗ್.

ಪ್ಲಗ್ ಹೇಳಿದ ಸಾಕ್ಷಿ

ಕಿತ್ತು ಬಂದ ಪ್ಲಗ್ಗನ್ನು ಎಸೆಯುವ ಮೊದಲು ಬೆಳಕಿಗೆ ಹಿಡಿದು ನೋಡಬೇಕು. ಅಕ್ಕನ ಮನೆಯ ಪ್ಲಗ್ಗಿನ ಉದ್ದ ಒಂದು ಇಂಚು, ಅಂದರೆ 25 ಮಿ.ಮೀ. ಬಾಯಿಯ ಹತ್ತಿರ ಅದಕ್ಕೆ ಬಿಳಿ ಪುಡಿ ಮೆತ್ತಿತ್ತು. ಅದು ಪುಟ್ಟಿಯದು. ಮಧ್ಯದಲ್ಲೆಲ್ಲ ಬೂದು ಬಣ್ಣದ ಪುಡಿ, ಅದು ಸಿಮೆಂಟ್ ಗಾರೆಯದು. ತುದಿಯಲ್ಲಿ ಮಾತ್ರ ಉಗುರಿನಷ್ಟು ಜಾಗಕ್ಕೆ ಇಟ್ಟಿಗೆಯ ಕೆಂಪು ಹತ್ತಿತ್ತು. ತೂತಿನೊಳಗೆ ಬೆಂಕಿಕಡ್ಡಿ ಇಳಿಸಿ ಅಳೆದೆ. ಒಟ್ಟು ಆಳ 28 ಮಿ.ಮೀ. ಅದರಲ್ಲಿ ಪುಟ್ಟಿ ಮತ್ತು ಗಾರೆ ಸೇರಿ 18, ಇಟ್ಟಿಗೆಯೊಳಗೆ ಹೋದದ್ದು ಬರೀ 10.

ನಮ್ಮ ಮನೆಗಳ ಒಳಗೋಡೆಗೆ ಸಾಮಾನ್ಯವಾಗಿ 12ರಿಂದ 15 ಮಿ.ಮೀ. ದಪ್ಪದ ಗಾರೆ ಇರುತ್ತದೆ. ಇಟ್ಟಿಗೆಯ ಓರೆಕೋರೆ ಮುಚ್ಚಬೇಕಾದಲ್ಲಿ ಇನ್ನೂ ದಪ್ಪ. ಅದು ಗೋಡೆಗೆ ಹಾಕಿದ ಹೊದಿಕೆ. ಮೇಲ್ಮೈ ನುಣುಪಾಗಿಸಲು ಇರುವುದೇ ಹೊರತು ಭಾರ ಹಿಡಿಯಲು ಅಲ್ಲ. ಒಂದು ಇಂಚಿನ ಪ್ಲಗ್ಗನ್ನು ಗೋಡೆಯ ಮಟ್ಟಕ್ಕೆ ಹೊಡೆದರೆ ಅದರ ಅರ್ಧಕ್ಕಿಂತ ಹೆಚ್ಚು ಪಾಲು ಹೊದಿಕೆಯಲ್ಲೇ ಉಳಿಯುತ್ತದೆ. ಸ್ಕ್ರೂ ತಿರುಗಿಸಿದ ದಿನ ಬಿಗಿಯಾಗಿಯೇ ಕಾಣುತ್ತದೆ. ದಿನಕ್ಕೆರಡು ಸಲ ಪರದೆ ಎಳೆದಾಗ ಬ್ರಾಕೆಟ್ ಅಲುಗಾಡಿ ಗಾರೆಯನ್ನು ಸ್ವಲ್ಪಸ್ವಲ್ಪವೇ ಪುಡಿ ಮಾಡುತ್ತದೆ. ಬ್ರಾಕೆಟ್ ಕೆಳಗೆ ಸೋಫಾದ ಮೇಲೆ ಆಗಾಗ ಸಣ್ಣ ಪುಡಿ ಕಾಣಿಸಿಕೊಂಡರೆ, ಬ್ರಾಕೆಟ್ಟಿನ ಮೇಲಂಚು ಗೋಡೆಯಿಂದ ಕಾಗದ ತೂರುವಷ್ಟು ಬಿಟ್ಟಿದ್ದರೆ, ಪ್ಲಗ್ ಸಡಿಲವಾಗತೊಡಗಿದೆ ಎಂದೇ ತಿಳಿಯಬೇಕು.

ಮೇಲಿನ ಸ್ಕ್ರೂ ಮೇಲೆ ಬೀಳುವ ಎಳೆತ

ಒಂದು ಪರದೆ ರಾಡಿನ ಭಾರ ಅಷ್ಟೇನೂ ಇಲ್ಲ. ಅಕ್ಕನ ಮನೆಯಲ್ಲಿ ಎರಡು ಪರದೆ ತಲಾ ಒಂದೂವರೆ ಕೆ.ಜಿ., ರಾಡ್ ಒಂದೂವರೆ ಕೆ.ಜಿ., ಒಟ್ಟು ನಾಲ್ಕೂವರೆ. ಒಂದೊಂದು ಬ್ರಾಕೆಟ್ಟಿಗೆ ಎರಡೂಕಾಲು ಕೆ.ಜಿ. ಇಷ್ಟಕ್ಕೆಲ್ಲ ಗೋಡೆ ಬಿಡುವುದೇ ಎಂದು ಯಾರಿಗಾದರೂ ಅನ್ನಿಸುತ್ತದೆ.

ಆದರೆ ಈ ಭಾರ ಗೋಡೆಗೆ ಒತ್ತಿಕೊಂಡು ಕೂತಿಲ್ಲ. ಗೋಡೆಯಿಂದ ನಾಲ್ಕು ಇಂಚು, ಸುಮಾರು 10 ಸೆಂ.ಮೀ. ಮುಂದೆ ಚಾಚಿದ ತೋಳಿನ ತುದಿಯಲ್ಲಿ ತೂಗುತ್ತಿದೆ. ತೋಳು ಕೆಳಗೆ ಬಾಗಲು ನೋಡುತ್ತದೆ. ಆಗ ಬ್ರಾಕೆಟ್ ಪಟ್ಟಿಯ ಕೆಳಂಚು ಗೋಡೆಗೆ ಒತ್ತಿಕೊಳ್ಳುತ್ತದೆ, ಮೇಲಂಚು ಗೋಡೆಯಿಂದ ದೂರ ಸರಿಯಲು ಹೆಣಗುತ್ತದೆ. ಅದನ್ನು ಹಿಡಿದಿಡುವುದು ಮುಖ್ಯವಾಗಿ ಮೇಲಿನ ಸ್ಕ್ರೂ. ಆ ಸ್ಕ್ರೂವಿಗೂ ಕೆಳಂಚಿಗೂ ನಡುವೆ 4 ಸೆಂ.ಮೀ. ಅಂತರ ಇದ್ದರೆ ಸ್ಕ್ರೂ ಮೇಲೆ ಬೀಳುವ ಎಳೆತ ಎರಡೂವರೆ ಪಟ್ಟಾಗುತ್ತದೆ. ಎರಡೂಕಾಲು ಕೆ.ಜಿ. ಸುಮಾರು ಐದೂವರೆ ಕೆ.ಜಿ. ಆಯಿತು. ಮಗು ಹತ್ತು ಕೆ.ಜಿ.ಯಷ್ಟು ಬಲ ಹಾಕಿ ಆ ತುದಿಯಲ್ಲಿ ಜೋತುಬಿದ್ದರೆ ಇನ್ನೂ 25 ಕೆ.ಜಿ. ಸೇರುತ್ತದೆ. ಆ ಎಳೆತವೂ ಸ್ಕ್ರೂವನ್ನು ನೇರವಾಗಿ ಗೋಡೆಯಿಂದ ಹೊರಕ್ಕೆ ಕೀಳುವ ದಿಕ್ಕಿನಲ್ಲೇ ಇರುತ್ತದೆ.

ಎರಡು ಪರದೆಯ ಜೋಡಿ ರಾಡ್ ಹಾಕಿಸಿದರೆ ಹೊರಗಿನ ರಾಡ್ ಇನ್ನೂ ಮುಂದಕ್ಕೆ ಹೋಗುತ್ತದೆ, ಎಳೆತವೂ ಅಷ್ಟೇ ಏರುತ್ತದೆ. ಅದಕ್ಕೇ ಬ್ರಾಕೆಟ್ ಕೊಳ್ಳುವಾಗ ಗೋಡೆಗೆ ಕೂರುವ ಪಟ್ಟಿ ಉದ್ದವಾಗಿರುವುದನ್ನು ಆರಿಸಬೇಕು. ಐದಾರು ಅಡಿ ದಾಟಿದ ರಾಡಿಗೆ ನಡುವೆ ಇನ್ನೊಂದು ಬ್ರಾಕೆಟ್ ಕೊಡಬೇಕು.

ಪ್ಲಗ್ ಹಿಡಿಯುವ ಬಗೆ

ಅಂಗಡಿಯಲ್ಲಿ ನಾವು ‘ರಾಲ್ ಪ್ಲಗ್’ ಎಂದು ಕೇಳುವ ಹೆಸರು ಬಂದದ್ದು ಇಂಗ್ಲೆಂಡಿನ ಜಾನ್ ರಾಲಿಂಗ್ಸ್ ಅವರಿಂದ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಗೋಡೆಗೆ ಹಾನಿಯಾಗದಂತೆ ವಿದ್ಯುತ್ ಉಪಕರಣ ಕೂರಿಸುವ ಕೆಲಸಕ್ಕಾಗಿ ಅವರು 1911ರ ಸುಮಾರಿಗೆ ಸೆಣಬಿನ ನಾರಿನಿಂದ ಇದನ್ನು ಮಾಡಿದರು. ನಾರನ್ನು ಅಂಟಿಸಲು ಬಳಸಿದ್ದು ಪ್ರಾಣಿಯ ರಕ್ತ. ಈಗ ನಾವು ನೋಡುವ ನೈಲಾನ್ ಪ್ಲಗ್ಗನ್ನು ರೂಪಿಸಿದವರು ಜರ್ಮನಿಯ ಆರ್ಟುರ್ ಫಿಷರ್, 1958ರಲ್ಲಿ. ವಸ್ತು ಬದಲಾಯಿತು, ತತ್ವ ಬದಲಾಗಲಿಲ್ಲ. ಸ್ಕ್ರೂ ಒಳಗೆ ಹೋದಂತೆ ಪ್ಲಗ್ ಹಿಗ್ಗಿ ತೂತಿನ ಸುತ್ತಲ ಗೋಡೆಯನ್ನು ಒತ್ತುತ್ತದೆ. ಆ ಒತ್ತಡವೇ ಹಿಡಿತ. ಸುತ್ತಲಿನದು ಗಟ್ಟಿಯಾಗಿದ್ದರೆ ಮಾತ್ರ ಒತ್ತಡ ನಿಲ್ಲುತ್ತದೆ. ಪ್ಲಗ್ಗಿನ ಸುತ್ತ ಗಾರೆ ಮಾತ್ರ ಇದ್ದರೆ ಗಾರೆಯೇ ಬಿರಿಯುತ್ತದೆ. ತೂತಿನ ಬಾಯಿ ಕೊಳವೆಯ ಹಾಗೆ ಅಗಲವಾಗಿ ಒಡೆದಿರುವುದು ಅದಕ್ಕೇ.

ಆದ್ದರಿಂದ ಪ್ಲಗ್ ಕೊಳ್ಳುವಾಗ ನೋಡಬೇಕಾದ್ದು ಮೂರು. ಮೊದಲನೆಯದು ವಸ್ತು. ಉಗುರಿನಿಂದ ಅದುಮಿದರೆ ಬಗ್ಗಿ ಮತ್ತೆ ಹಳೆಯ ಆಕಾರಕ್ಕೆ ಬರುವ ನೈಲಾನ್ ಒಳ್ಳೆಯದು. ಸ್ಕ್ರೂ ಪೊಟ್ಟಣದ ಜೊತೆ ಉಚಿತವಾಗಿ ಬರುವ ಗಡಸು ಪ್ಲಾಸ್ಟಿಕ್ ಕೆಲವೇ ವರ್ಷಗಳಲ್ಲಿ ಸೀಳಬಹುದು. ಎರಡನೆಯದು ಉದ್ದ. ಪ್ಲಗ್ ಪೂರ್ತಿ, ಇಲ್ಲವೇ ಅದರ ಹೆಚ್ಚಿನ ಭಾಗ, ಗಾರೆ ದಾಟಿ ಇಟ್ಟಿಗೆಯಲ್ಲಿ ಕೂರಬೇಕು. ಮೂರನೆಯದು ಸ್ಕ್ರೂವಿನ ಹೊಂದಿಕೆ. 6 ಮಿ.ಮೀ. ಪ್ಲಗ್ಗಿಗೆ 8 ನಂಬರ್ ಸ್ಕ್ರೂ, 8 ಮಿ.ಮೀ. ಪ್ಲಗ್ಗಿಗೆ 10 ನಂಬರ್ ಸರಿಹೋಗುತ್ತದೆ. 8 ನಂಬರಿನ ದಪ್ಪ ಸುಮಾರು 4.2 ಮಿ.ಮೀ., 10 ನಂಬರಿನದು 4.8. ತೆಳು ಸ್ಕ್ರೂ ಹಾಕಿದರೆ ಪ್ಲಗ್ ಹಿಗ್ಗುವುದೇ ಇಲ್ಲ. ಗಿಡ್ಡ ಸ್ಕ್ರೂ ಹಾಕಿದರೆ ಪ್ಲಗ್ಗಿನ ತುದಿ, ಅಂದರೆ ಹೆಚ್ಚು ಹಿಗ್ಗಬೇಕಾದ ಭಾಗವೇ, ಹಿಗ್ಗದೆ ಉಳಿಯುತ್ತದೆ. ಸ್ಕ್ರೂವಿನ ಮೊನೆ ಪ್ಲಗ್ಗಿನ ಆಚೆಗೆ 5 ಮಿ.ಮೀ. ಇಣುಕಬೇಕು.

ಮೇಲಿನ ತೂತಿನ ದುರಸ್ತಿ

ಅಕ್ಕನ ಮನೆಯ ಗುಂಡಿ ನೋಡಲು ದೊಡ್ಡದಾಗಿದ್ದರೂ ಒಡೆದದ್ದು ಗಾರೆ ಮಾತ್ರ. ಹಿಂದಿನ ಇಟ್ಟಿಗೆಯನ್ನು ಯಾರೂ ಸರಿಯಾಗಿ ಮುಟ್ಟಿಯೇ ಇರಲಿಲ್ಲ. ಹಾಗಾಗಿ ಅದೇ ತೂತನ್ನು ಆಳ ಮಾಡಿದರೆ ಹೊಸ, ಗಟ್ಟಿ ಜಾಗ ಸಿಗುತ್ತದೆ.

ಮೊದಲು ಬೆರಳ ಗೆಣ್ಣಿನಿಂದ ಸುತ್ತಲಿನ ಗಾರೆ ತಟ್ಟಿದೆ. ಟೊಳ್ಳು ಸದ್ದು ಬಂದ ಕಡೆ ಗಾರೆ ಇಟ್ಟಿಗೆಯನ್ನು ಬಿಟ್ಟಿದೆ ಎಂದರ್ಥ. ಅಂಥದ್ದನ್ನೂ ಹಳೆಯ ವೈಟ್ ಸಿಮೆಂಟನ್ನೂ ಸ್ಕ್ರೂಡ್ರೈವರಿನಿಂದ ಕೆದಕಿ ತೆಗೆದೆ. ಆಮೇಲೆ 8 ಮಿ.ಮೀ. ಬಿಟ್‌ಗೆ ಮೊನೆಯಿಂದ 65 ಮಿ.ಮೀ. ದೂರದಲ್ಲಿ ಬಣ್ಣದ ಟೇಪ್ ಸುತ್ತಿ, ಅಷ್ಟು ಆಳಕ್ಕೆ ಕೊರೆದೆ. ಡ್ರಿಲ್ಲನ್ನು ಹ್ಯಾಮರ್ ಇಲ್ಲದೆ ಆರಂಭಿಸಿದೆ. ಸುಟ್ಟ ಇಟ್ಟಿಗೆ ಮೆದುವಾಗಿದ್ದರೆ ಹ್ಯಾಮರ್ ಬಡಿತಕ್ಕೆ ತೂತು ಅಗಲವಾಗಿ ಪ್ಲಗ್ ಸಡಿಲಾಗುತ್ತದೆ. ಕೈ ಅಲುಗಿದರೂ ಹಾಗೆಯೇ ಆಗುತ್ತದೆ. ಕೆಳಗೆ ಕಾಗದ ಹಿಡಿದಿದ್ದ ಅಕ್ಕ ಬೀಳುವ ಪುಡಿಯ ಬಣ್ಣ ನೋಡುತ್ತಿದ್ದಳು. "ಈಗ ಪೂರ್ತಿ ಕೆಂಪು" ಎಂದಾಗ ನಾವು ಇಟ್ಟಿಗೆಯಲ್ಲಿದ್ದೇವೆ ಎಂಬುದು ಖಾತ್ರಿಯಾಯಿತು.

ಮುಂದಿನ ಕೆಲಸವನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ತೂತಿನೊಳಗಿನ ಪುಡಿ ತೆಗೆಯಬೇಕು. ಸೈಕಲ್ ಪಂಪಿನ ಗಾಳಿ ಸಾಕು. ಇಲ್ಲದಿದ್ದರೆ ಕಣ್ಣು ಮುಚ್ಚಿಕೊಂಡು ಸ್ಟ್ರಾದಿಂದ ಊದಬಹುದು. ಪುಡಿ ಉಳಿದರೆ ಪ್ಲಗ್ ತಳ ಮುಟ್ಟುವುದಿಲ್ಲ, ಹಿಗ್ಗಿದಾಗಲೂ ಜಾರುತ್ತದೆ.

ಪ್ಲಗ್ 8 ಮಿ.ಮೀ. ದಪ್ಪದ್ದು, 40 ಮಿ.ಮೀ. ಉದ್ದದ್ದು. ಅದನ್ನು ಗೋಡೆಯ ಮಟ್ಟಕ್ಕೆ ನಿಲ್ಲಿಸದೆ, ಹಳೆಯ ಸ್ಕ್ರೂವಿನ ತಲೆಯಿಂದ ಮೆಲ್ಲಗೆ ತಟ್ಟಿ 15 ಮಿ.ಮೀ. ಒಳಕ್ಕೆ ಇಳಿಸಿದೆ. ಹೀಗೆ ಮಾಡಿದರೆ ಪ್ಲಗ್ ಹಿಗ್ಗುವುದು ಇಟ್ಟಿಗೆಯಲ್ಲಿ, ಗಾರೆಗೆ ಒತ್ತಡವೇ ತಾಗುವುದಿಲ್ಲ. ಇದಕ್ಕೆ ಸ್ಕ್ರೂ ಎಷ್ಟು ಉದ್ದ ಬೇಕು? ಬ್ರಾಕೆಟ್ ಪಟ್ಟಿಗೆ 2, ಒಳಕ್ಕೆ ಇಳಿದದ್ದಕ್ಕೆ 15, ಪ್ಲಗ್ಗಿಗೆ 40, ಆಚೆಗೆ ಇಣುಕಲು 5, ಒಟ್ಟು 62 ಮಿ.ಮೀ. ಎರಡೂವರೆ ಇಂಚಿನ 10 ನಂಬರ್ ಸ್ಕ್ರೂ ಸರಿಯಾಗಿ ಹೊಂದಿತು.

ಒಡೆದ ಬಾಯಿಯನ್ನು ಹಾಗೇ ಬಿಟ್ಟರೆ ಬ್ರಾಕೆಟ್ ಪಟ್ಟಿಗೆ ಹಿಂದೆ ಆಸರೆ ಇರುವುದಿಲ್ಲ. ಅದಕ್ಕೆ ಎಂ-ಸೀಲ್ ಎಂದೇ ಎಲ್ಲರೂ ಕರೆಯುವ ಎರಡು ಉಂಡೆಯ ಎಪಾಕ್ಸಿಯನ್ನು ಒಂದೇ ಬಣ್ಣ ಬರುವತನಕ ಚೆನ್ನಾಗಿ ನಾದಿ, ಪ್ಲಗ್ಗಿನ ಬಾಯಿ ಮುಚ್ಚದಂತೆ ಸುತ್ತ ತುಂಬಿ, ಗೋಡೆಯ ಮಟ್ಟಕ್ಕೆ ಸವರಿ, ರಾತ್ರಿಯಿಡೀ ಗಟ್ಟಿಯಾಗಲು ಬಿಟ್ಟೆ. ಗೋಡೆಗೆ ಬಳಿಯುವ ಬಿಳಿ ಪುಟ್ಟಿ ಈ ಕೆಲಸಕ್ಕೆ ಆಗದು. ಅದು ಒಂದೆರಡು ಮಿ.ಮೀ. ಪದರಕ್ಕಾಗಿ ಮಾಡಿದ್ದು, ದಪ್ಪ ತುಂಬಿದರೆ ಒಣಗುತ್ತಾ ಬಿರಿಯುತ್ತದೆ. ಸ್ಕ್ರೂ ಹಿಡಿಯುವ ಶಕ್ತಿ ಅದಕ್ಕಿಲ್ಲ.

ಕೆಳಗಿನ ತೂತು ಮತ್ತು ಮರದ ಗೂಟ

ಕೆಳಗಿನ ತೂತಿನ ಕಥೆ ಬೇರೆ. ಅಲ್ಲಿ ಕೊರೆದಾಗ ಕೆಂಪು ಪುಡಿ ಬರಲೇ ಇಲ್ಲ. ಉದ್ದಕ್ಕೂ ಮರಳು ಮರಳಾದ ಬೂದು ಪುಡಿ ಉದುರಿತು. ತೂತು ಎರಡು ಇಟ್ಟಿಗೆಗಳ ನಡುವಿನ ಸಂದಿಗೆ ಬಿದ್ದಿತ್ತು. ಆ ಸಂದಿಯ ಗಾರೆ ಹಳೆಯದಾಗಿ ಪುಡಿಯಾಗುತ್ತಿತ್ತು. 8 ಮಿ.ಮೀ. ಪ್ಲಗ್ ಹಾಕಿ ಸ್ಕ್ರೂ ತಿರುಗಿಸಿದರೆ ಪ್ಲಗ್ಗೂ ಜೊತೆಗೇ ತಿರುಗಿತು. ಇದೇ ನಿಜವಾದ ಸವೆದ ತೂತು.

ಬೀದಿಯ ಕೊನೆಯಲ್ಲಿ ಕೆಲಸ ಮಾಡುವ ವಯಸ್ಸಾದ ಆಚಾರ್ರು ಬಂದು ನೋಡಿದರು. "ಇದಕ್ಕೆ ಪ್ಲಾಸ್ಟಿಕ್ ಬೇಡಿ ಸಾರ್. ನಮ್ಮ ಕಾಲದಲ್ಲಿ ಮರದ ಗೂಟ ಹಾಕ್ತಿದ್ವಿ. ಸಾಗುವಾನಿ, ಚೆನ್ನಾಗಿ ಒಣಗಿದ್ದಿರಬೇಕು" ಎಂದರು. ಹಸಿ ಮರ ಒಣಗಿದಂತೆ ಕುಗ್ಗಿ ಗೂಟ ಸಡಿಲಾಗುತ್ತದೆ ಎಂಬುದು ಅವರ ಎಚ್ಚರಿಕೆ. ಹಿಂದೆ ವಿದ್ಯುತ್ ವೈರಿನ ಮರದ ಪಟ್ಟಿ ಹೊಡೆಯಲು ಗೋಡೆಯಲ್ಲಿ ಚೌಕ ಗುಂಡಿ ತೋಡಿ, ಅಗಲ ತುದಿ ಒಳಗೆ, ಕಿರಿದು ತುದಿ ಹೊರಗೆ ಬರುವಂತೆ ಗೂಟ ಇಟ್ಟು ಸಿಮೆಂಟ್ ತುಂಬುತ್ತಿದ್ದರು. ಹಿಂದೆ ಅಗಲವಾಗಿರುವ ಗೂಟ ಎಳೆದಷ್ಟೂ ಬಿಗಿಯಾಗುತ್ತದೆ. ಪರದೆಗೆ ಅಷ್ಟು ದೊಡ್ಡ ಗುಂಡಿ ಬೇಕಿಲ್ಲ.

ತೂತನ್ನು 12 ಮಿ.ಮೀ. ಬಿಟ್‌ನಿಂದ 50 ಮಿ.ಮೀ. ಆಳಕ್ಕೆ ಅಗಲಿಸಿದೆವು. ಬಿಟ್ ಅಗಲವಾದಾಗ ಅದರ ಎರಡೂ ಅಂಚು ಮೇಲಿನ ಮತ್ತು ಕೆಳಗಿನ ಇಟ್ಟಿಗೆಯನ್ನು ತುಸು ಕಚ್ಚಿತು. ಪುಡಿ ತೆಗೆದು, ಎಪಾಕ್ಸಿಯನ್ನು ಒಳಗೆ ಒತ್ತಿ, ಅದೇ ಅಳತೆಗೆ ಕೆತ್ತಿದ ಗೂಟವನ್ನು ಕೊಡತಿಯಿಂದ ಹೊಡೆದರು ಆಚಾರ್ರು. ಹೊರಚೆಲ್ಲಿದ ಎಪಾಕ್ಸಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ ರಾತ್ರಿ ಬಿಟ್ಟೆವು. ಬೆಳಿಗ್ಗೆ ಗೂಟದ ನಡುವೆ ಮೊದಲು 3 ಮಿ.ಮೀ. ಬಿಟ್‌ನಿಂದ ದಾರಿ ಮಾಡಿ, ಆಮೇಲೆ 8 ನಂಬರ್ ಸ್ಕ್ರೂ ತಿರುಗಿಸಿದೆವು. ದಾರಿ ಮಾಡದೆ ಸ್ಕ್ರೂ ಹಾಕಿದರೆ ಇಷ್ಟು ಸಣ್ಣ ಗೂಟ ಸೀಳಿಬಿಡುತ್ತದೆ. ಕೆಳಗಿನ ಸ್ಕ್ರೂ ಮೇಲೆ ಕೀಳುವ ಎಳೆತ ಕಡಿಮೆ ಇರುವುದರಿಂದ ಇಲ್ಲಿ ಈ ಗೂಟ ಸಾಕು. ಮೇಲಿನ ತೂತೇ ಸಂದಿಗೆ ಬಿದ್ದಿದ್ದರೆ ನಾನು ಬ್ರಾಕೆಟ್ಟನ್ನೇ ಎರಡು ಇಂಚು ಸರಿಸಿ ಗಟ್ಟಿ ಇಟ್ಟಿಗೆ ಹುಡುಕುತ್ತಿದ್ದೆ.

ಸವೆದ ತೂತಿಗೆ ಬೆಂಕಿಕಡ್ಡಿ, ಊದುಬತ್ತಿ ಕಡ್ಡಿ ತುರುಕುವುದು ಎಲ್ಲ ಮನೆಗಳಲ್ಲೂ ಇರುವ ರೂಢಿ. ಕ್ಯಾಲೆಂಡರ್ ತೂಗುಹಾಕಲು ಅದು ನಡೆಯುತ್ತದೆ. ತೋಳು ಚಾಚಿದ ಬ್ರಾಕೆಟ್ಟಿಗೆ ನಡೆಯದು.

ಗೋಡೆ ಇಟ್ಟಿಗೆಯದಲ್ಲದಿದ್ದರೆ

ಕಿಟಕಿಯ ನೇರ ಮೇಲೆ ಸಾಮಾನ್ಯವಾಗಿ ಕಾಂಕ್ರೀಟ್ ಲಿಂಟಲ್ ಇರುತ್ತದೆ. ಅಲ್ಲಿ ಡ್ರಿಲ್ ಮುಂದೆ ಹೋಗದೆ ಬಿಟ್ ಕಾಯುತ್ತದೆ, ಪುಡಿ ನುಣ್ಣಗೆ ಬೂದು ಬಣ್ಣದ್ದಾಗಿರುತ್ತದೆ. ಬೇಸತ್ತ ಕೆಲಸಗಾರರು ಅರ್ಧ ಇಂಚು ಕೊರೆದು ಪ್ಲಗ್ಗನ್ನೇ ಕತ್ತರಿಸಿ ಕೂರಿಸುವುದು ಇಲ್ಲೇ. ಲಿಂಟಲ್‌ಗೆ ಹ್ಯಾಮರ್ ಡ್ರಿಲ್ಲೇ ಬೇಕು. ಪೂರ್ತಿ ಆಳಕ್ಕೆ ಕೊರೆದರೆ ಪ್ಲಗ್ಗಿಗೆ ಇದಕ್ಕಿಂತ ಗಟ್ಟಿ ಜಾಗ ಇನ್ನೊಂದಿಲ್ಲ. ಒಂದಿಷ್ಟು ಒಳಹೋಗಿ ಬಿಟ್ ಇದ್ದಕ್ಕಿದ್ದಂತೆ ನಿಂತು ಲೋಹದ ಸದ್ದು ಬಂದರೆ ಕಂಬಿ ತಾಗಿದೆ. ಒತ್ತಬೇಡಿ, ಒಂದು ಇಂಚು ಪಕ್ಕಕ್ಕೆ ಸರಿಯಿರಿ.

ಹೊಸ ಅಪಾರ್ಟ್‌ಮೆಂಟ್‌ಗಳಲ್ಲಿ ಹಗುರವಾದ ಎಎಸಿ ಬ್ಲಾಕ್ ಗೋಡೆ ಹೆಚ್ಚು. ಕೊರೆದಾಗ ಬೆಣ್ಣೆಯ ಹಾಗೆ ಬಿಟ್ ಇಳಿದು ಬಿಳಿಚಿದ ಹಿಟ್ಟಿನಂಥ ಪುಡಿ ಬರುತ್ತದೆ. ಇಲ್ಲಿ ಹ್ಯಾಮರ್ ಬಳಸಲೇಬಾರದು. ಇಟ್ಟಿಗೆಗೆ ಮಾಡಿದ ಪ್ಲಗ್ ಹಿಗ್ಗಿದಾಗ ಬ್ಲಾಕ್ ಪುಡಿಯಾಗುತ್ತದೆಯೇ ಹೊರತು ಹಿಡಿಯುವುದಿಲ್ಲ. ಎಎಸಿಗೆಂದೇ ಮಾಡಿದ, ಮೈತುಂಬ ಅಗಲ ರೆಕ್ಕೆಗಳಿರುವ ಉದ್ದ ಪ್ಲಗ್ಗನ್ನು ಅಂಗಡಿಯಲ್ಲಿ ಹೆಸರು ಹೇಳಿ ಕೇಳಬೇಕು.

ಟೊಳ್ಳು ಸಿಮೆಂಟ್ ಬ್ಲಾಕ್ ಆದರೆ ಒಂದೆರಡು ಇಂಚು ಹೋದ ಮೇಲೆ ಡ್ರಿಲ್ ಥಟ್ಟನೆ ಒಳಕ್ಕೆ ನುಗ್ಗುತ್ತದೆ. ಸಾಮಾನ್ಯ ಪ್ಲಗ್ಗಿನ ತುದಿಗೆ ಅಲ್ಲಿ ಒತ್ತಲು ಗೋಡೆಯೇ ಇಲ್ಲ. ಟೊಳ್ಳಿನೊಳಗೆ ಮಡಚಿ ಗಂಟಿನಂತಾಗುವ ನೈಲಾನ್ ಪ್ಲಗ್ ಹಾಕಬೇಕು. ಸ್ಕ್ರೂ ಬಿಗಿಯಾದಂತೆ ಆ ಗಂಟು ಒಳಗಿನಿಂದ ಗೋಡೆಯನ್ನು ಅಪ್ಪಿಕೊಳ್ಳುತ್ತದೆ. ಕರಾವಳಿಯ ಕೆಂಪು ಮುರಕಲ್ಲಿನಲ್ಲಿ ಒಂದು ಕಡೆ ಗಟ್ಟಿ, ಪಕ್ಕದಲ್ಲೇ ಪೊಟರೆ ಇರುತ್ತದೆ. ಅಲ್ಲಿ ಉದ್ದ ಪ್ಲಗ್ಗೂ ಅದರ ಸುತ್ತ ಎಪಾಕ್ಸಿಯೂ ಒಟ್ಟಿಗೆ ಬೇಕು.

ಯಾವ ಗೋಡೆಯಾದರೂ ಕೊರೆಯುವ ಮೊದಲು ಒಂದು ಸಲ ಸುತ್ತ ನೋಡಿ. ಸ್ವಿಚ್ ಬೋರ್ಡಿನಿಂದ, ದೀಪದ ಪಾಯಿಂಟಿನಿಂದ ನೇರ ಮೇಲಕ್ಕೋ ಅಡ್ಡಕ್ಕೋ ಗೆರೆ ಎಳೆದಂತೆ ಊಹಿಸಿಕೊಳ್ಳಿ. ಗಾರೆಯೊಳಗಿನ ವೈರ್ ಪೈಪು ಸಾಮಾನ್ಯವಾಗಿ ಆ ಗೆರೆಯಲ್ಲೇ ಇರುತ್ತದೆ. ಆ ಗೆರೆಯ ಮೇಲೆ ಕೊರೆಯಬೇಡಿ. ಕಣ್ಣಿಗೆ ಕನ್ನಡಕ ಇರಲಿ, ತಲೆಯ ಮೇಲಿನ ಪುಡಿ ನೇರ ಕಣ್ಣಿಗೇ ಬೀಳುತ್ತದೆ.

ಬಕೆಟ್ ಪರೀಕ್ಷೆ

ಬ್ರಾಕೆಟ್ ಕೂರಿಸುವಾಗ ಕೊನೆಯ ಸುತ್ತುಗಳನ್ನು ಡ್ರಿಲ್ಲಿನಿಂದ ಬಿಟ್ಟು ಕೈಯ ಸ್ಕ್ರೂಡ್ರೈವರಿನಿಂದ ತಿರುಗಿಸಿದೆ. ಸರಿಯಾಗಿ ಹಿಡಿದ ಪ್ಲಗ್ ಕೊನೆಗೆ ಬಿಗಿಯಾಗುತ್ತಾ ಹೋಗಿ ನಿಲ್ಲುತ್ತದೆ. ಅಲ್ಲಿಗೆ ನಾವೂ ನಿಲ್ಲಬೇಕು. ಮಷೀನಿನ ಭರಕ್ಕೆ ಇನ್ನೂ ತಿರುಗಿಸಿದರೆ ಒಳಗಿನ ಹಲ್ಲು ಕಡಿದು, ಆಗತಾನೇ ಮಾಡಿದ ತೂತು ಸವೆದುಹೋಗುತ್ತದೆ. ಸ್ಕ್ರೂ ಬಿಗಿಯಾಗದೆ ಸುಮ್ಮನೆ ತಿರುಗುತ್ತಲೇ ಇದ್ದರೆ ಹಿಡಿತ ಬಂದಿಲ್ಲ. ಬಿಚ್ಚಿ ಮತ್ತೆ ಮಾಡಬೇಕು.

ರಾಡ್ ಏರಿಸುವ ಮೊದಲು ಬ್ರಾಕೆಟ್ಟಿನ ತುದಿಗೆ ಹಗ್ಗ ಕಟ್ಟಿ, ಹತ್ತು ಲೀಟರ್ ನೀರಿನ ಬಕೆಟ್ ತೂಗುಹಾಕಿದೆವು. ನೆಲಕ್ಕೆ ತಾಗಲು ನಾಲ್ಕು ಬೆರಳು ಬಾಕಿ ಇರುವಂತೆ ಹಗ್ಗ ಕಟ್ಟಿದ್ದರಿಂದ ಕಿತ್ತು ಬಂದರೂ ಹೆದರಿಕೆ ಇರಲಿಲ್ಲ. ಹತ್ತು ನಿಮಿಷ ಕಾದೆವು. ಬ್ರಾಕೆಟ್ಟಿನ ಮೇಲಂಚಿಗೂ ಗೋಡೆಗೂ ನಡುವೆ ಕಾಗದ ತೂರಿಸಿ ನೋಡಿದೆ, ತೂರಲಿಲ್ಲ. ಎಡಗಡೆಯ ಬ್ರಾಕೆಟ್ಟಿಗೂ ಅದೇ ಪರೀಕ್ಷೆ ಮಾಡಿದಾಗ ಮೇಲಂಚು ಕೂದಲೆಳೆಯಷ್ಟು ಬಿಟ್ಟಿತು. ಬಿಚ್ಚಿದರೆ ಅಲ್ಲಿಯೂ ಅದೇ ಒಂದು ಇಂಚಿನ ಪ್ಲಗ್. ಅದನ್ನೂ ಅಂದೇ ಬದಲಿಸಿದೆವು.

ನಿಮ್ಮ ಮನೆಯಲ್ಲಿ ಬ್ರಾಕೆಟ್ ಕಿತ್ತು ಬಂದರೆ ಮೊದಲು ತೂತು ಮುಚ್ಚಬೇಡಿ. ಪ್ಲಗ್ಗಿಗೆ ಮೆತ್ತಿದ ಪುಡಿಯ ಬಣ್ಣ ನೋಡಿ, ತೂತಿಗೆ ಕಡ್ಡಿ ಇಳಿಸಿ ಆಳ ಅಳೆಯಿರಿ. ಕೆಲಸಕ್ಕೆ ಬಂದವರ ಮುಂದೆ ಆ ಎರಡು ಸಂಗತಿ ಇಡಿ, ಗಾರೆ ದಾಟಿ ಪ್ಲಗ್ ಕೂರಿಸಿ ಎಂದು ಕೇಳಿ. ಪರದೆಯ ಭಾರ ಹೊರಬೇಕಾದ್ದು ಗೋಡೆ, ಗಾರೆಯಲ್ಲ.